ತಂಗಿಯ ಓಟ, ಅವ್ವನ ಟವೆಲ್

ಕಬಿನಿ ಹಿನ್ನೀರಿನ ಹತ್ತಿರದ ರೆಸಾರ್ಟೊಂದರಲ್ಲಿ ಈಜು, ಸೈಕಲ್ಲು, ಓಟ ಮೂರೂ ಒಂದರ ಹಿಂದೊಂದು ಬರುವ ಟ್ರಯಥ್ಲಾನ್ ಇತ್ತು. ನಾನು ಪಿ.ಟಿ. ಮೇಷ್ಟ್ರು ಅನ್ನುವ ಒಂದೇ ತಪ್ಪಿಗೆ, ನೋಡಲು ಬಂದವರಿಗೆ ವಿವರಿಸುವ ಮೈಕು ನನ್ನ ಕೈಗೆ ಬಂತು. ಸ್ಪರ್ಧೆಯಲ್ಲಿ ನನ್ನ ತಂಗಿಯೂ ಇದ್ದಳು. ಹೋದ ವರ್ಷ ಓಡುವಾಗ ಅವಳ ಕಾಲಿನ ಸ್ನಾಯು ಹಿಡಿದುಕೊಂಡಿತ್ತು; ನೋಡಲು ಬಂದಿದ್ದ ಗೆಳತಿಯೊಬ್ಬಳು ಭುಜ ಹಿಡಿದು ನಡೆಸಿದ್ದಕ್ಕೆ ತಂಗಿಯನ್ನು ಸ್ಪರ್ಧೆಯಿಂದಲೇ ಹೊರಗೆ ಹಾಕಿದ್ದರು. ಈ ಸಲ ಮುಗಿಸಿಯೇ ತೀರುತ್ತೇನೆ ಎಂದು ಹಟ ಹಿಡಿದಿದ್ದಳು.

ನನಗೆ ಭಯವಿದ್ದದ್ದು ಸರಗೂರಿನಿಂದ ಬಸ್ಸು ಹತ್ತಿ ಬಂದಿದ್ದ ಅವ್ವನದು. ನನ್ನ ಪಕ್ಕದಲ್ಲೇ ಬೇಲಿಗೆ ಒತ್ತಿಕೊಂಡು, ಟವೆಲ್ ಹಿಡಿದು ನಿಂತಿದ್ದಳು.

“ಮೊದ್ಲು ಈಜು ಯಾಕ್ಲಾ? ಕೊನೇಗಿಟ್ರೆ ಮೈ ತಂಪಾಗಾಕಿಲ್ವಾ?”

“ಸುಸ್ತಾದೋರು ಮುಳುಗೋಯ್ತಾರೆ ಕಣವ್ವ. ಅದ್ಕೆ ಕಸುವಿರೋವಾಗ್ಲೇ ಈಜು, ಆಮೇಲೆ ಸೈಕಲ್ಲು. ಓಟದಲ್ಲಿ ಸುಸ್ತಾದ್ರೆ ನಡೀಬೋದು, ಅದ್ಕೆ ಅದು ಕೊನೇಗೆ.”

ಹಿನ್ನೀರಿನಲ್ಲಿ ಮೊಸಳೆ ಇರುವುದರಿಂದ ಈಜನ್ನು ರೆಸಾರ್ಟಿನ ಕೊಳದಲ್ಲಿ ಇಟ್ಟಿದ್ದರು. ಕೊಳದ ಪಕ್ಕ ಬೇಲಿಯೊಳಗೆ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಬುಡದಲ್ಲೂ ಹೆಲ್ಮೆಟ್, ಶೂ. ಅದೇ ಟ್ರಾನ್ಸಿಷನ್, ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವ ಜಾಗ. ಅಲ್ಲಿ ಶೂ ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ, ಗಡಿಯಾರ ನಿಲ್ಲುವುದಿಲ್ಲ ಎಂದು ಮೈಕಿನಲ್ಲಿ ಹೇಳಿದೆ. ಹೊರಗಿನವರು ಮುಟ್ಟಿದರೆ ಸ್ಪರ್ಧಿಯ ಕತೆ ಮುಗಿಯಿತು ಎಂದು ಮೂರು ಸಲ ಹೇಳಿದೆ, ಅವ್ವನ ಮುಖ ನೋಡಿಕೊಂಡೇ.

ತಂಗಿ ನೀರಿನಿಂದೆದ್ದು ಓಡಿ ಬಂದಳು. ಮೈಯಿಂದ ನೀರು ಸೋರುತ್ತಿತ್ತು. ಅವ್ವನ ಕೈ ಟವೆಲ್ಲಿನ ಸಮೇತ ಬೇಲಿ ದಾಟಿತು. “ಅವ್ವಾ!” ಎಂದು ಗದರಿದೆ. ಮೈಕು ಆನ್ ಇದ್ದದ್ದರಿಂದ ಊರಿಗೆಲ್ಲ ಕೇಳಿಸಿತು. ಅವಳು ಕೈ ಹಿಂದಕ್ಕೆಳೆದು, ನನ್ನನ್ನು ದುರುಗುಟ್ಟಿ ನೋಡಿದಳು. ಅಷ್ಟರಲ್ಲಿ ತಂಗಿ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಆಮೇಲೆ ಸೈಕಲ್ ಮುಟ್ಟಿದಳು, ಅದೇ ನಿಯಮ. ಬೇಲಿಯ ಹೊರಗೆ ನೆಲದ ಮೇಲೆ ಎಳೆದಿದ್ದ ಗೆರೆಯವರೆಗೆ ತಳ್ಳಿಕೊಂಡು ಹೋಗಿ ಹತ್ತಿದಳು.

“ಹತ್ಕೊಂಡೇ ಓಗ್ಬೋದಿತ್ತಲ್ಲ.”

“ಬೇಲಿಯೊಳ್ಗೆ ಹತ್ತಂಗಿಲ್ಲ ಕಣವ್ವ. ಬರೋವಾಗ್ಲೂ ಗೆರೆ ಹತ್ರ ಇಳ್ದು ತಳ್ಕೊಂಡೇ ಬರ್ಬೇಕು.”

ಸೈಕಲ್ ಮುಗಿಸಿ ಬಂದವಳು ಗೆರೆಯ ಹತ್ತಿರ ಇಳಿದಳು. ಸೈಕಲ್ಲನ್ನು ಅದರ ಜಾಗದಲ್ಲಿ ನಿಲ್ಲಿಸಿ ಹೆಲ್ಮೆಟ್ ಬಿಚ್ಚಿದಳು. ಓಡಲು ಶುರು ಮಾಡಿದ್ದೇ ಕಾಲು ಮರದ ಕೊರಡಿನಂತಾಗಿ ನಮ್ಮೆದುರೇ ಮುಗ್ಗರಿಸಿ ಮೊಣಕಾಲೂರಿದಳು. ಸೈಕಲ್ ಇಳಿದವರಿಗೆಲ್ಲ ಮೊದಮೊದಲು ಹಾಗಾಗುತ್ತದೆ ಎಂದು ನೂರು ಜನಕ್ಕೆ ಹೇಳಿದ್ದ ನಾನೇ ಅದನ್ನು ಮರೆತೆ. ಮೈಕು ಕೆಳಗಿಟ್ಟು ಬೇಲಿಗೆ ಕಾಲು ಹಾಕಿದ್ದೆ. ಅಂಗಿಯ ಹಿಂಬದಿ ಹಿಡಿದೆಳೆದದ್ದು ಅವ್ವ.

“ಮುಟ್ಬ್ಯಾಡ ಕಣ್ಲಾ. ನೀನೇ ಯೋಳಿದ್ದಲ್ವಾ?”

ತಂಗಿ ಎದ್ದಳು. ಕುಂಟುತ್ತಾ ನಡೆದು, ಆಮೇಲೆ ಓಡಿದಳು.

ಅವಳು ಕೊನೆಯ ಗೆರೆ ದಾಟುವ ಹೊತ್ತಿಗೆ ಬಹಳ ಮಂದಿ ಮುಗಿಸಿ ಬಾಳೆಹಣ್ಣು ತಿನ್ನುತ್ತಿದ್ದರು. ದಾಟಿದವಳೇ ನೆಲಕ್ಕೆ ಕೂತು ಅತ್ತಳು. ಅವ್ವ ಅವಳ ಮುಂದೆ ನಿಂತಳು, ಬಗ್ಗಲಿಲ್ಲ. ಬೆಳಗಿನಿಂದ ಒಣಗಿಯೇ ಇದ್ದ ಟವೆಲ್ಲನ್ನು ಎದೆಗೊತ್ತಿಕೊಂಡು ನನ್ನ ಕಡೆ ತಿರುಗಿ ಕೇಳಿದಳು:

“ಈಗ ಮುಟ್ಬೋದೇನ್ಲಾ?”