ಇನ್ನೂರರ ಡ್ರಮ್

ಗಾದ್ರಮ್ಮ ಮದುವೆಯಾಗಿ ಜಗಳೂರಿಗೆ ಬಂದಾಗ ತವರಿನಿಂದ ತಂದದ್ದು ಒಂದು ಹಿತ್ತಾಳೆ ಕೊಡ. ಬೆಳಿಗ್ಗೆ ನಾಲ್ಕು, ಸಂಜೆ ಎರಡು, ಹೀಗೆ ದಿನಕ್ಕೆ ಆರು ಕೊಡ ನೀರನ್ನು ಅವಳು ಹೊತ್ತು ತರುತ್ತಿದ್ದಳು. ನಡುವಿನ ಹೊತ್ತಿನಲ್ಲಿ ಎಣ್ಣೆ ಮಿಲ್ಲಿನ ಅಂಗಳದಲ್ಲಿ ಕೂತು ಶೇಂಗಾ ಬೀಜ ಆರಿಸುವ ಕೆಲಸ. ಅದೇ ಮಿಲ್ಲಿನಲ್ಲಿ ಅವಳ ಗಂಡ ಪಾಲಣ್ಣ ಡ್ರಮ್ಮಿಗೆ ಎಣ್ಣೆ ತುಂಬಿ, ಮುಚ್ಚಳ ತಿರುಗಿಸಿ ಬಿಗಿದು, ಲಾರಿಗೆ ಏರಿಸುತ್ತಿದ್ದ. ಹತ್ತು ವರ್ಷದಲ್ಲಿ ಅಲ್ಲಿಯ ಎಣ್ಣೆಯನ್ನು ಅವನು ಒಂದು ಬೆರಳಿನಷ್ಟೂ ತಲೆಗೆ ಸವರಿಕೊಂಡವನಲ್ಲ. ಆ ಒಣಗೂದಲನ್ನು ಕಂಡು ಹೆಂಗಸರು ನಗುತ್ತಿದ್ದರು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಮಿಲ್ಲಿಗೆ ಹೊಸ ಗುಮಾಸ್ತರು ಬಂದರು. ಹೆಸರು ಕಲ್ಲೇಶಪ್ಪ. ಅದುವರೆಗೆ ಚನ್ನಗಿರಿಯ ಒಂದು ಕಾಳಿನ ಗೋದಾಮಿನಲ್ಲಿದ್ದವರು. ಅಲ್ಲಿ ನೂರರ ಚೀಲವೆಂದರೆ ನೂರು ಕಿಲೋ. ಇಲ್ಲಿ ಹಮಾಲರು ‘ಇನ್ನೂರರ ಡ್ರಮ್’ ಎನ್ನುವುದನ್ನು ಕೇಳಿ ಅದನ್ನೂ ಇನ್ನೂರು ಕಿಲೋ ಎಂದೇ ತಿಳಿದರು. ಆದರೂ ಎಚ್ಚರದ ಮನುಷ್ಯ, ಪರೀಕ್ಷೆ ಮಾಡಿಯೇ ಬಿಟ್ಟರು. ಹೊಸದೊಂದು ಖಾಲಿ ಡ್ರಮ್ ತೂಗಿಸಿದರೆ ಇಪ್ಪತ್ತು ಕಿಲೋ. ನೀರು ತುಂಬಿಸಿ ತೂಗಿಸಿದರೆ ಇನ್ನೂರ ಇಪ್ಪತ್ತು. ಲೆಕ್ಕ ಸರಿಯಾಗಿ ಕೂತಿತು.

ಹಿಂದಿನ ಗುಮಾಸ್ತರು ಡ್ರಮ್ ಎಣಿಸಿ ಕಳಿಸುತ್ತಿದ್ದರೇ ಹೊರತು ತೂಗಿಸುತ್ತಿರಲಿಲ್ಲ. ಕಲ್ಲೇಶಪ್ಪ ತೂಗಿಸಿದರು. ಪಾಲಣ್ಣ ಎಣ್ಣೆ ತುಂಬಿದ ಮೂರು ಡ್ರಮ್ಮೂ ಒಂದೊಂದು ಇನ್ನೂರ ಮೂರು ಕಿಲೋ ಬಂದವು.

“ಡ್ರಮ್ಮಿಗೆ ಹದಿನೇಳು ಕಿಲೋ ಎಲ್ಲಿ ಹೋತಪ್ಪಾ ಪಾಲಣ್ಣ?”

“ನಾನ್ ಬಾಯಿಮಟ ತುಂಬೀನ್ರೀ.”

“ಬಾಯಿಮಟ ತುಂಬಿದ್ರೆ ಇನ್ನೂರಿಪ್ಪತ್ತು ಬರಬೇಕು. ನಾನೇ ನೀರು ತುಂಬ್ಸಿ ತೂಗ್ಸಿ ನೋಡೀನಿ. ಸಾವ್ಕಾರ್ರು ಬರಲಿ, ನಾಳಿಂದ ನೀನು ಈ ಗೇಟಿನೊಳಗೆ ಬರಾಕಿಲ್ಲ.”

ಅಂಗಳದಲ್ಲಿ ಮೊರಗಳ ಸದ್ದು ನಿಂತಿತು. ಪಾಲಣ್ಣ ಹೆಗಲ ಮೇಲಿನ ಗೋಣಿತಾಟನ್ನು ತೆಗೆದು ಮಡಿಸತೊಡಗಿದ. ಕಳ್ಳ ಎನ್ನಿಸಿಕೊಂಡ ಮೇಲೆ ಇನ್ನೇನಿದೆ ಎನ್ನುವ ಹಾಗೆ ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಿದ್ದ. ಗಾದ್ರಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಎದ್ದು ಬಂದಳು.

“ಮುಚ್ಚಳ ತೆಗೆಸ್ರಿ ಗುಮಾಸ್ತರೇ.”

ತೆಗೆಸಿದರು. ಮೂರರಲ್ಲೂ ಎಣ್ಣೆ ಬಾಯಿಗೆ ತಾಗಿ ನಿಂತಿತ್ತು. ಕಲ್ಲೇಶಪ್ಪ ಬಗ್ಗಿ ಮೂಸಿದರು. “ಹಂಗಾದ್ರೆ ಹಗುರದ್ದೇನೋ ಬೆರ್ಸೀಯ. ಸೀಮೆಎಣ್ಣೆ ಗೀಮೆಎಣ್ಣೆ...”

“ಬೆರ್ಸಿದ್ರೆ ನಿಮ್ಮ ಮೂಗಿಗೆ ಬಡೀತಿರ್ಲಿಲ್ವೇನ್ರೀ?” ಎಂದಳು ಬೀಜ ಆರಿಸುವ ಭೀಮಕ್ಕ ಕೂತಲ್ಲಿಂದಲೇ. “ಅಷ್ಟುದ್ದ ಐತೆ!”

ಹೆಂಗಸರು ನಕ್ಕರು. ಗಾದ್ರಮ್ಮ ನಗಲಿಲ್ಲ.

“ಹೋದ ವರ್ಷ ಚೌಡಮ್ಮನ ಗುಡಿ ದೀಪಕ್ಕೆ ಇಲ್ಲಿಂದ ಎಣ್ಣೆ ಒಯ್ದಿದ್ದು ನನ್ನ ನೀರಿನ ಕೊಡದಾಗೇ. ದಾರಿಯಾಗೆ ಎರಡು ಸಲ ಇಳಿಸಿ ನೋಡಿದೆ, ಕಡಿಮಿ ತುಂಬ್ಯಾರೇನೋ ಅಂತ. ತುಂಬಾ ಇತ್ರೀ. ಎಣ್ಣೆ ಹಗುರ. ಅದ್ಕೇ ನೀರಿನ ಮ್ಯಾಲೆ ತೇಲ್ತೈತಿ. ನೀವು ತೂಗ್ಸಿದ್ದು ನೀರಲ್ವಾ?”

ಕಲ್ಲೇಶಪ್ಪ ಸಿಟ್ಟಾಗಲಿಲ್ಲ. ಒಂದೊಂದು ಲೀಟರಿನ ಎರಡು ಅಳತೆ ಡಬ್ಬಿಗಳನ್ನು ತಾವೇ ತಂದು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟರು. ಖಾಲಿ ಡಬ್ಬಿಗಳು ಸಮ ನಿಂತವು. ಒಂದಕ್ಕೆ ನೀರು, ಇನ್ನೊಂದಕ್ಕೆ ಪಾಲಣ್ಣನ ಡ್ರಮ್ಮಿನ ಎಣ್ಣೆ, ಎರಡನ್ನೂ ಅಂಚಿನವರೆಗೆ ತುಂಬಿಸಿದರು. ನೀರಿನ ತಟ್ಟೆ ಕೆಳಗಿಳಿಯಿತು.

ಎಣ್ಣೆಯ ಕಡೆ ಐವತ್ತು ಗ್ರಾಮಿನ ತೂಕದ ಬಟ್ಟು ಇಟ್ಟರು. ಇಪ್ಪತ್ತು. ಹತ್ತು. ಕೊನೆಗೆ ಐದರದ್ದು ಇಟ್ಟಾಗ ಮುಳ್ಳು ನೆಟ್ಟಗೆ ನಿಂತಿತು.

“ಲೀಟರಿಗೆ ಎಂಬತ್ತೈದು ಗ್ರಾಂ ಹಗುರ,” ಎಂದು ಗೊಣಗುತ್ತ ಕಲ್ಲೇಶಪ್ಪ ಅಂಗೈ ಮೇಲೆ ಪೆನ್ನಿನಿಂದ ಗುಣಿಸಿದರು. “ಇನ್ನೂರು ಲೀಟರಿಗೆ... ಹದಿನೇಳು ಕಿಲೋ.” ಅಂಗೈಯನ್ನು ಇನ್ನೊಮ್ಮೆ ನೋಡಿದರು. “ಇನ್ನೂರರ ಡ್ರಮ್ ಅಂದ್ರೆ ಲೀಟರಾ?”

“ಮತ್ತಿನ್ನೇನ್ರೀ?” ಎಂದ ಪಾಲಣ್ಣ. ಕಳ್ಳ ಎನ್ನಿಸಿಕೊಂಡ ಮೇಲೆ ಅವನು ಆಡಿದ ಮೊದಲ ಮಾತು ಅದು.

ಕಲ್ಲೇಶಪ್ಪ ಗೋಣಿತಾಟನ್ನು ಅವನ ಕೈಯಿಂದ ತೆಗೆದುಕೊಂಡು, ಮಡಿಕೆ ಬಿಡಿಸಿ, ಹೆಗಲ ಮೇಲೆ ಹಾಕಿದರು. “ತಪ್ಪು ನಂದು ಪಾಲಣ್ಣ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಆ ಸಂಜೆ ಗಾದ್ರಮ್ಮ ಬಾವಿಕಟ್ಟೆಯಿಂದ ಐದನೇ ಕೊಡ ಎತ್ತಿಕೊಳ್ಳುವಾಗ ಪಾಲಣ್ಣ ಎದುರಿಗೆ ಬಂದು ಕೈ ಚಾಚಿದ.

“ಬಿಡ್ರೀ, ಯಾರಾದ್ರೂ ನೋಡ್ಯಾರು.”

“ನೋಡ್ಲಿ ಬಿಡು. ಹತ್ತು ವರ್ಷ ಎಣ್ಣೆ ಹೊತ್ತು, ನಂದೇ ಭಾರದ ಕೆಲ್ಸ ಅನ್ಕೊಂಡಿದ್ದೆ.” ಕೊಡವನ್ನು ಹೆಗಲಿಗೇರಿಸಿದ. ಅಭ್ಯಾಸವಿಲ್ಲದ್ದರಿಂದ ನೀರು ತುಳುಕಿ ಅವನ ಒಣಗೂದಲು ನೆನೆಯಿತು. “ಹೌದು ಕಣೇ, ಭಾರ ಐತೆ.”

ಅವಳು ಬರಿಗೈ ಬೀಸಿಕೊಂಡು ಅವನ ಪಕ್ಕದಲ್ಲಿ ನಡೆದಳು. ಆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ಮನೆ ಮುಟ್ಟುವವರೆಗೂ ಅವಳಿಗೆ ತಿಳಿಯಲಿಲ್ಲ.