ಕಾಕಾನನ್ನು ಯಾರೂ ಕೇಳದ ಮಾತು

ನಮ್ಮ ಮನೆತನದಲ್ಲಿ ಯಾರ ದನಿಯನ್ನೂ ನಾನು ಅಣಕಿಸದೆ ಬಿಟ್ಟವನಲ್ಲ. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತನಾದ ಕಾಕಾ ಕೆಮ್ಮಿದರೆ ಗೇರ್ ಬದಲಿಸಿದಂತೆ ಕೇಳಿಸುತ್ತದೆ, ಅದು ನನಗೆ ಬರುತ್ತದೆ. ಹುಡುಗಿಯರು ಎದುರು ಬಂದರೆ ಇದ್ದಕ್ಕಿದ್ದಂತೆ ದಪ್ಪಗಾಗುವ ನನ್ನದೇ ದನಿಯನ್ನೂ ಮಾಡಿ ತೋರಿಸಿದ್ದೇನೆ. ಆದರೆ ನನ್ನ ಬಾಳಿನ ಅತಿ ಕೆಟ್ಟ ಅಣಕವನ್ನು ನಾನು ಗೊತ್ತಿಲ್ಲದೆ ಮಾಡಿದ್ದು ಹೋದ ಮಳೆಗಾಲದಲ್ಲಿ, ಬೈಲಹೊಂಗಲದ ಕಾಕಾನ ಮನೆಯಲ್ಲಿ.

ಕಾಕಾನ ಮಗಳು, ನನ್ನ ಅಕ್ಕ, ಇರುವುದು ರಾಮದುರ್ಗದಲ್ಲಿ. ಅವಳ ನಾಲ್ಕು ವರ್ಷದ ಮಗಳು ಎಂಟು ದಿನ ಜ್ವರದಿಂದ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಮಣ್ಣು ಮುಗಿಸಿ ಕಾಕಾ ಕಾಕು ಊರಿಗೆ ಬಂದ ಮೇಲೆ ಇಲ್ಲಿನ ಬೀಗರು, ನೆರೆಯವರು ಮಾತಾಡಿಸಲು ಬರತೊಡಗಿದರು. ಚಾಪೆಯ ಮೇಲೆ ಕುಂತು ಎಲ್ಲರೂ ಕೇಳಿದ್ದು ಒಂದೇ: “ಮಗಳು ಹೆಂಗದಾಳ್ರಿ? ನೀವು ಗಟ್ಟಿ ಆಗಬೇಕ್ರಿ. ನೀವ ಅತ್ರ ಅಕಿನ್ನ ಯಾರು ನೋಡಬೇಕು?” ಒಬ್ಬರಂತೂ, “ಸಣ್ಣ ವಯಸ್ಸೈತಿ, ಇನ್ನೊಂದ ಕೂಸು ಆಗತೈತ್ರಿ” ಎಂದುಬಿಟ್ಟರು. ಕಾಕು ಎದ್ದು ಅಡುಗೆಮನೆಗೆ ಹೋಗಿ ಚಹಾದ ಕಪ್ಪುಗಳನ್ನು ಎರಡೆರಡು ಸಲ ತೊಳೆದಳು.

ನಾನೂ ಹಿರಿಯರಂತೆ ಗಂಟಲು ಸರಿಮಾಡಿಕೊಂಡು, “ಕಾಕಾ, ಅಕ್ಕನ ಸಲುವಾಗಿ ಗಟ್ಟಿ ಇರ್ರಿ” ಎಂದೆ. ಕಾಕಾ, “ಹೂಂನಪಾ” ಎಂದ. ನಿಜಕ್ಕೂ ಗಟ್ಟಿಯಾಗಿಬಿಟ್ಟ.

ಎಷ್ಟು ಗಟ್ಟಿಯೆಂದರೆ, ಒಂದೂವರೆ ತಿಂಗಳಲ್ಲಿ ಮಗಳಿಗೆ ಒಮ್ಮೆಯೂ ತಾನಾಗಿ ಫೋನ್ ಮಾಡಲಿಲ್ಲ. ಅವಳು ಮಾಡಿದರೆ “ಊಟ ಆತೇನವಾ” ಎಂದು ಕೇಳಿ ಕಾಕುಗೆ ಕೊಡುತ್ತಿದ್ದ. ನಾನು ರಾಮದುರ್ಗಕ್ಕೆ ಹೋದಾಗ ಅಕ್ಕ ಬಾಗಿಲಿಗೊರಗಿ ಹೇಳಿದಳು: “ಅಪ್ಪ ಅಕಿನ್ನ ಮರತಾನೇನೋ. ಹೆಸರ ಎತ್ತಂಗಿಲ್ಲ. ನನ್ನ ಮ್ಯಾಲ ಸಿಟ್ಟದಾನೇನು? ಮೊದಲ ದಿನಾನ ದವಾಖಾನಿಗೆ ಒಯ್ಯಲಿಲ್ಲಂತ?”

ನನಗೆ ಆಗ ತಿಳಿಯಿತು, ನಾವೆಲ್ಲ ಸೇರಿ ಏನು ಮಾಡಿದ್ದೇವೆಂದು. ಅಳು ತಡೆದುಕೊಳ್ಳಲು ಅಪ್ಪ ದೂರ ನಿಂತಿದ್ದಾನೆ, ಮಗಳು ಆ ದೂರವನ್ನು ಸಿಟ್ಟೆಂದು ಓದಿಕೊಂಡಿದ್ದಾಳೆ. ಅವಳಿಗೆ ಇಷ್ಟೇ ಅಂದೆ: “ಅಕ್ಕಾ, ಅಂವಾ ಸಿಟ್ಟಾಗಿಲ್ಲ ಅನಸತೈತಿ. ಆದ್ರ ನಾ ಅವನ ಪರವಾಗಿ ಹೇಳಂಗಿಲ್ಲ. ನಿಂದು ನಿಂಗ ಭಾಳ ಐತಿ.”

ಮರುದಿನ ಬೆಳಿಗ್ಗೆ ಸವದತ್ತಿ ಮೇಲೆ ಹಾದು ಬರುವ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಬಂದೆ. ಮಾತಾಡಿಸಲು ಬರುವವರು ನಿಂತು ಬಹಳ ದಿನವಾಗಿತ್ತು, ಚಾಪೆ ಸುತ್ತಿ ಮೂಲೆಗಿಟ್ಟಿದ್ದರು. ಕಾಕಾನ ಪಕ್ಕ ಕುಂತೆ. ದಾರಿಯುದ್ದಕ್ಕೂ ಕಲಿತ ಮಾತು ಬಾಯಿಗೆ ಬರಲಿಲ್ಲ. ನಾಲಿಗೆಗೆ ಬೇರೆಯವರ ದನಿಯೇ ರೂಢಿ. ಕೊನೆಗೆ ನನ್ನದೇ ದನಿಯಲ್ಲಿ ಅಂದೆ:

“ಕಾಕಾ, ಅವತ್ತ ನಾ ತಪ್ಪ ಮಾತಾಡಿದೆ. ಅಕ್ಕನ ಬಗ್ಗೆ ಅಷ್ಟ ಅಂದೆ, ನಿಮ್ಮನ್ನ ಕೇಳಲಿಲ್ಲ. ನಿಮ್ಮ ಮೊಮ್ಮಗಳೂ ಹೋಗ್ಯಾಳ, ನಿಮ್ಮ ಮಗಳು ಒದ್ದಾಡೋದನ್ನೂ ನೀವ ನೋಡಬೇಕಾಗೈತಿ. ಎರಡೂ ನಿಮ್ಮ ಮ್ಯಾಲ ಬಿದ್ದಾವು. ನೀವು ಹೆಂಗದೀರಿ?”

ಕಾಕಾ ನನ್ನನ್ನು ನೋಡಲಿಲ್ಲ. “ಅಜ್ಜ ಅಳಬಾರದಲೇ. ತಾಯಿ ದುಃಖದ ಮುಂದ ನಂದೇನು?”

“ಅಕಿ ದುಃಖ ಅಕಿದು. ಅದನ್ನ ಯಾರೂ ಕಮ್ಮಿ ಮಾಡಂಗಿಲ್ಲ. ನಿಮ್ಮದು ನಿಮ್ಮದ. ಅಳತಿಪಟ್ಟಿ ಯಾಕ ಹಿಡೀತೀರಿ?”

ಕಾಕಾ ಎದುರಿಗಿದ್ದ ಕುರ್ಚಿಯ ಕಡೆ ಕೈ ತೋರಿಸಿದ. ಆಮೇಲೆ ನಿಧಾನಕ್ಕೆ ಅಂದ: “ಲೇ, ಇಲ್ಲಿ ಕುರ್ಚಿ ಮ್ಯಾಲ ನಾ ಡ್ರೈವರ್, ಹಿಂದ ಕೂಸು ಕಂಡಕ್ಟರ್. ‘ರೈಟ್, ಹೋಗ್ರಿ ಅಜ್ಜಾ’ ಅಂತಿದ್ಲು. ನಿಂಗ ಎಲ್ಲಾರ ದನಿ ಬರತೈತಿ. ಒಮ್ಮೆ ಅನ್ನಲೇ.”

ನನಗೆ ಬರುತ್ತಿತ್ತು. ‘ರ’ ಎನ್ನಲಾಗದೆ ‘ಲೈಟ್’ ಎನ್ನುತ್ತಿದ್ದ ಆ ದನಿ ಗಂಟಲವರೆಗೆ ಬಂದು ನಿಂತಿತ್ತು. ನನಗೂ ಅದನ್ನು ಕೇಳುವ ಆಸೆ ಎಷ್ಟಿತ್ತೆಂದರೆ, ನನ್ನ ಬಾಯಿಂದಲಾದರೂ ಸಾಕಿತ್ತು.

“ಬ್ಯಾಡ್ರಿ ಕಾಕಾ. ನಾ ಮಾಡಿದ್ರ ಅದು ನಂದಾಗತೈತಿ. ನೀವ ಹೇಳ್ರಿ, ಬಸ್ ಎಲ್ಲಿಗೆ ಹೋಗತಿತ್ತು?”

“ಎಲ್ಲಿಗಂತಿ? ದಿನಾ ಕಿತ್ತೂರಿಗೆ. ಅಲ್ಲಿ ಕೋಟೆ ನೋಡಬೇಕಂತ. ಒಂದ ದಿನ ನಿಜವಾಗ್ಲೂ ಒಯ್ಯತೇನಿ ಅಂದಿದ್ದೆ...” ಕಾಕು ಅಡುಗೆಮನೆಯಿಂದ ಬಂದು ಗಂಡನ ಪಕ್ಕ ಕುಂತಳು. “ಟಿಕೆಟ್ ಅಂತ ನನ್ನ ಕರಿಬೇವಿನ ಎಲಿ ಹರದ ಕೊಡ್ತಿದ್ಲು” ಎಂದಳು. ಮೂವರೂ ಅತ್ತೆವು. ನಾನು ಯಾರನ್ನೂ ತಡೆಯಲಿಲ್ಲ.

ಕಣ್ಣೊರೆಸಿಕೊಂಡು ಕಾಕಾ ಫೋನ್ ತೆಗೆದ. “ಅಕಿನೂ ಅಳತಾಳ” ಎಂದ ಹೆದರಿ.

“ಅಳ್ಲಿ. ಸದ್ಯ ಮಾತಾಡಬಹುದೇನವಾ ಅಂತ ಮೊದಲ ಕೇಳ್ರಿ. ಒಲ್ಲೆ ಅಂದ್ರ ಇಟ್ಟುಬಿಡ್ರಿ.”

ಕಾಕಾ ಹಾಗೆಯೇ ಕೇಳಿದ. ಆಮೇಲೆ ಒಂದೂವರೆ ತಿಂಗಳಲ್ಲಿ ಮೊದಲ ಸಲ ಮೊಮ್ಮಗಳ ಹೆಸರು ಹೇಳಿ, “ಭಾಳ ನೆನಪಾಗ್ಯಾಳವಾ. ನಿನ್ನ ಮ್ಯಾಲ ಸಿಟ್ಟಿಲ್ಲ. ಅತ್ರ ನಿನಗ ಭಾರ ಆಕ್ಕೇನಿ ಅಂತ ಸುಮ್ಮಿದ್ದೆ” ಎಂದ.

ಆ ಕಡೆ ಅಕ್ಕ ಏನಂದಳೋ ನನಗೆ ಪೂರ್ತಿ ಕೇಳಲಿಲ್ಲ. ಕಾಕಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು, “ಹೂಂನವಾ, ಹೇಳು. ಕೇಳಾಕ ಹತ್ತೇನಿ” ಎನ್ನುತ್ತಿದ್ದ.