ಬೂದು ಚೌಕದೊಳಗಿನ ಬಾವಿ

ತರಗತಿಗೊಂದು ವೆಬ್‌ಸೈಟ್ ಮಾಡಬೇಕು ಎಂದು ನಮ್ಮ ಹೆಡ್‌ಮಿಸ್ ಹೇಳಿದಾಗ ನಾನು ಮುಖ ಗಂಟು ಹಾಕಿಕೊಂಡೆ. ಚಾಮರಾಜಪೇಟೆಯ ಹಳೆಯ ಕನ್ನಡ ಶಾಲೆ ನಮ್ಮದು. ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ಹಾಜರಿ, ಬಿಸಿಯೂಟ, ಪರೀಕ್ಷೆ, ಮೇಲಿನವರು ಕೇಳುವ ನೂರೆಂಟು ಮಾಹಿತಿ ಇಷ್ಟರಲ್ಲೇ ತಲೆ ಕೆಟ್ಟು ಹೋಗಿರುತ್ತದೆ. ಇದರ ಜೊತೆ ವೆಬ್‌ಸೈಟ್ ಬೇರೆ ಕೇಡು ಎಂದುಕೊಂಡೆ. ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ಕಾಸು ಖರ್ಚಿಲ್ಲ ರೀ, ಫ್ರೀ ಅದು. ಮದುವೆ ಆಲ್ಬಮ್ಮಿಗೆ ಫೋಟೊ ಅಂಟಿಸಿದ ಹಾಗೆ ಅಂಟಿಸ್ತಾ ಹೋಗೋದು ಅಷ್ಟೇ," ಎಂದರು ಹೆಡ್‌ಮಿಸ್.

ನಿಜಕ್ಕೂ ಅಷ್ಟೇ ಇತ್ತು. ಹೊಸ ಪುಟ ಎಂದು ಒತ್ತಿದರೆ ಪುಟ ಬರುತ್ತದೆ. ಬೇಕಾದ ಕಡೆ ಚಿತ್ರ ಎಳೆದು ಇಡಬಹುದು, ಪಕ್ಕದಲ್ಲಿ ಬರೆಯಬಹುದು. ಒಂಬತ್ತನೇ ತರಗತಿಯ ನನ್ನ ಮಕ್ಕಳಿಗೆಲ್ಲ ಶಾಲೆಯ ಮೇಲ್ ಖಾತೆ ಇತ್ತು. ಅವರನ್ನು ಸೇರಿಸಿಕೊಂಡು, ತಿದ್ದುವ ಅಧಿಕಾರ ಕೊಟ್ಟೆ, ಪಬ್ಲಿಷ್ ಮಾಡುವ ಅಧಿಕಾರ ಕೊಡಲಿಲ್ಲ. ಅಂದರೆ ಕರಡಿನಲ್ಲಿ ಅವರು ಏನು ಬೇಕಾದರೂ ಮಾಡಿಕೊಳ್ಳಬಹುದು, ಆದರೆ ನಾನು ಗುಂಡಿ ಒತ್ತುವವರೆಗೆ ಹೊರಗಿನವರಿಗೆ ಒಂದಕ್ಷರವೂ ಕಾಣುವುದಿಲ್ಲ. ಮೊದಲ ವಾರವೇ ಯಾವನೋ ಪುಣ್ಯಾತ್ಮ ಎಲ್ಲ ಪುಟಗಳಿಗೂ ಗುಲಾಬಿ ಬಣ್ಣ ಬಳಿದುಬಿಟ್ಟ. ಅಳು, ಜಗಳ, ಚಾಡಿ ಎಲ್ಲ ಆಯಿತು. ಹಳೆಯ ಆವೃತ್ತಿಗಳ ಪಟ್ಟಿ ತೆಗೆದು, ಹಿಂದಿನ ದಿನದ್ದನ್ನು ವಾಪಸ್ ತಂದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಸತ್ಯ ಹೇಳಬೇಕೆಂದರೆ ನಾನೂ ಹಾಗೇ ನೋಡಿದೆ.

ನಾನು ಕೊಟ್ಟ ವಿಷಯ 'ನಮ್ಮ ಬೀದಿಯಲ್ಲಿ ಯಾರೂ ನೋಡದ ಒಂದು ವಸ್ತು'. ಷರತ್ತುಗಳನ್ನು ಬೋರ್ಡಿನ ಮೇಲೆ ಬರೆದಿದ್ದೆ: ಮನೆ ನಂಬರ್ ಹಾಕಬಾರದು, ಯಾರ ಹೆಸರೂ ಬೇಡ, ಯಾರ ಮುಖವೂ ಬೇಡ. ಪುಟಗಳನ್ನು ಲಿಂಕ್ ಇದ್ದವರೆಲ್ಲ ನೋಡಬಹುದಿತ್ತು. ವಿಡಿಯೊಗಳಲ್ಲಿ ಮಕ್ಕಳ ದನಿ ಇರುತ್ತದಲ್ಲ, ಅದಕ್ಕೆ ಆ ಫೈಲುಗಳನ್ನು ಮಾತ್ರ ನಮ್ಮ ತರಗತಿಯ ಖಾತೆಗಳಿಗಷ್ಟೇ ತೆರೆಯುವಂತೆ ಇಟ್ಟಿದ್ದೆ. ಬೇರೆಯವರು ತೆರೆದರೆ ವಿಡಿಯೊ ಇರಬೇಕಾದ ಜಾಗದಲ್ಲಿ ಅನುಮತಿ ಬೇಕು ಎನ್ನುವ ಒಂದು ಬೂದು ಚೌಕ ಕಾಣುತ್ತದೆ.

ಪುಟಗಳು ಬರತೊಡಗಿದವು. ಒಬ್ಬ ತನ್ನ ಮನೆಯ ಮುಂದಿನ ಹಳೇ ಚಪ್ಪಡಿಯ ಮೇಲೆ ಯಾರೋ ಕೆತ್ತಿದ್ದ ಚೌಕಾಬಾರದ ಮನೆಗಳನ್ನು ಹುಡುಕಿದ್ದ. ಇನ್ನೊಬ್ಬಳು ತರಗುಪೇಟೆಯ ಮೂಟೆಗಳ ಸಂದಿಯಲ್ಲಿ ಮೊಳೆತ ಹುರುಳಿಯನ್ನು ದಿನಾ ಹೋಗಿ ಫೋಟೊ ತೆಗೆದಿದ್ದಳು. ವರ್ಷಗಟ್ಟಲೆ ಅದೇ ಬೀದಿಗಳಲ್ಲಿ ಓಡಾಡಿದವಳು ನಾನು, ಇದೆಲ್ಲ ನನ್ನ ಕಣ್ಣಿಗೆ ಏಕೆ ಬೀಳಲಿಲ್ಲ ಎನ್ನಿಸಿತು.

ಒಂದು ಸಂಜೆ ಸ್ಟಾಫ್ ರೂಮಿನಲ್ಲಿ ಕೂತು ಕರಡುಗಳನ್ನು ನೋಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳ ಪುಟ ಬಂತು. ಅವಳಮ್ಮ ವಠಾರದ ಮನೆಯಲ್ಲಿ ಸೀರೆಗಳಿಗೆ ಫಾಲ್ ಹಾಕಿ ಜಿಗ್‌ಜಾಗ್ ಮಾಡಿಕೊಡುವವರು. ಪುಟದಲ್ಲಿ ಇದ್ದದ್ದು ಎರಡೇ. ಮೇಲೊಂದು ಫೋಟೊ: ಕಲ್ಲು ಚಪ್ಪಡಿ ಮುಚ್ಚಿದ ಬಾವಿ, ಅದರ ಮೇಲೆ ತುಳಸಿ ಕುಂಡ, ಒಣಗಲು ಹಾಕಿದ ಬಕೆಟ್ಟು. ಕೆಳಗೊಂದು ವಿಡಿಯೊ. ನಡುವೆ ಒಂದೇ ಸಾಲು: 'ಒಳಗೆ ಏನಿದೆ ಎಂದು ನೋಡಿ.'

ಒತ್ತಿದೆ. ಚಪ್ಪಡಿಯ ಮೂಲೆ ಮುರಿದಿತ್ತು ಎಂದು ಆಮೇಲೆ ಅವಳೇ ಹೇಳಿದಳು. ಅಲ್ಲಿಂದ ಫೋನಿಗೆ ಟಾರ್ಚ್ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ದಾರ ಕಟ್ಟಿ ಕೆಳಗೆ ಬಿಟ್ಟಿದ್ದಳು. ಮೊದಲು ಬರೀ ಕತ್ತಲೆ, ಮೇಲಿನಿಂದ 'ಇಳಿಸ್ತಿದೀನಿ' ಎನ್ನುವ ಅವಳ ದನಿ. ಆಮೇಲೆ ಕಲ್ಲು. ಒಂದರ ಮೇಲೊಂದು, ಗಾರೆ ಇಲ್ಲದೆ, ದುಂಡಗೆ ಕೂರಿಸಿದ ಕಲ್ಲುಗಳು. ಸಂದಿಯಲ್ಲಿ ಜರೀಗಿಡ, ಅದರ ಎಲೆಯ ತುದಿಯಲ್ಲಿ ಹನಿ. ಫೋನು ಮೆಲ್ಲಗೆ ತಿರುಗುತ್ತಾ ಇಳಿಯಿತು. ಒಂದು ಗೂಡು ಕಂಡಿತು, ದೀಪ ಇಡುವಂಥದ್ದು, ಒಳಗೆ ಇನ್ನೂ ಮಸಿ. ಹಾಗೇ ಇಳಿಯುತ್ತಾ ಇಳಿಯುತ್ತಾ ಕಲ್ಲುಗಳು ನಿಂತವು. ಬೆಳಕು ಕೆಳಗೆಲ್ಲೋ ಬಿದ್ದು ಅಲುಗಾಡಿತು. ನೀರು. ಕೆಳಗಿನ ಕಲ್ಲುಗಳೂ ಕಾಣುವಷ್ಟು ತಿಳಿಯಾದ ನೀರು. ಎಲ್ಲಿಂದಲೋ ಒಂದು ಹನಿ ಬಿತ್ತು, ಉಂಗುರಗಳು ಗೋಡೆಯವರೆಗೂ ಹರಡಿದವು, ಆ ಸದ್ದು ಬಾವಿಯ ತುಂಬಾ ಸುತ್ತಿತು.

ನನ್ನ ಮೈ ಜುಂ ಎಂದಿತು. ಸುಮ್ಮನೆ ಬಾಯಿಮಾತಿಗೆ ಹೇಳುತ್ತಿಲ್ಲ, ಕೈಯ ರೋಮ ಎದ್ದು ನಿಂತಿತ್ತು. ಹೊರಗೆ ಬಸ್ಸುಗಳ ಹಾರನ್ನು, ಕಾರ್ಪೆಟ್ಟಿನ ಹಾಗೆ ಡಾಂಬರು ಹಾಸಿದ ರಸ್ತೆ. ಅದರ ಪಕ್ಕದಲ್ಲೇ, ನೆಲದಡಿ ಇದೊಂದು ಸದ್ದಿಲ್ಲದೆ ಇಷ್ಟು ದಿನ ಇತ್ತು. ಮರುದಿನ ಹುಡುಗಿಯನ್ನು ಕರೆದು, ಬಾವಿಯ ಹತ್ತಿರ ಒಬ್ಬಳೇ ಹೋದದ್ದಕ್ಕೆ ಚೆನ್ನಾಗಿ ಬೈದೆ. ಬೈದು ಮುಗಿಸಿ ಪಬ್ಲಿಷ್ ಒತ್ತಿದೆ.

ಹೆಸರಿಲ್ಲ, ನಂಬರಿಲ್ಲ, ಯಾರ ಮನೆ ಎಂದು ಯಾರಿಗೆ ಗೊತ್ತಾಗುತ್ತದೆ ಎಂದು ನಾನು ನೆಮ್ಮದಿಯಾಗಿದ್ದೆ. ಎಂಥ ಪೆದ್ದುತನ. ನಮ್ಮ ಪೇಟೆಯಲ್ಲಿ ತುಳಸಿ ಕುಂಡ ನೋಡಿ ಮನೆ ಹೇಳುತ್ತಾರೆ. ಬೇರೆ ಯಾವುದೋ ಮಗುವಿನ ತಾಯಿ ಲಿಂಕನ್ನು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಮಧ್ಯಾಹ್ನದೊಳಗೆ ಅದು ವಠಾರದ ಮಾಲೀಕರ ಫೋನಿಗೆ ತಲುಪಿತ್ತು.

ಮಾರನೆಯ ದಿನ ಬೆಳಗ್ಗೆ ಹುಡುಗಿಯ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. "ಮಿಸ್, ಅದನ್ನ ತೆಗೆದುಬಿಡಿ. ಮಾಲೀಕರು ರೇಗಾಡ್ತಿದಾರೆ. ಇಲ್ದಿದ್ರೆ ಮನೆ ಖಾಲಿ ಮಾಡಿ ಅಂದ್ಬಿಟ್ಟಿದಾರೆ."

"ಒಂದು ಬಾವಿ ಫೋಟೊಗಾ?"

"ಆ ಬಾವಿನ ಮುಂದಿನ ವಾರ ಮಣ್ಣು ಹಾಕಿ ಮುಚ್ಚಿಸ್ತಿದಾರೆ. ಕಾರು ನಿಲ್ಸೋಕೆ. ಲಾರಿಗೂ ಹೇಳಿದಾರೆ. ಈಗ ಊರಿಗೆಲ್ಲ ಗೊತ್ತಾದ್ರೆ ಯಾರಾದ್ರೂ ಬಂದು ತಕರಾರು ಮಾಡ್ತಾರೆ ಅಂತ ಅವರ ಭಯ. ನಂಗೆ ಇಲ್ಲೇ ಗಿರಾಕಿ ಮಿಸ್. ಇಲ್ಲಿಂದ ಎದ್ರೆ ಇಷ್ಟು ಬಾಡಿಗೆಗೆ ಎಲ್ಲಿ ಸಿಗತ್ತೆ?"

ಅಷ್ಟರಲ್ಲಿ ಮಾಲೀಕರೇ ಬಂದರು. ಎಪ್ಪತ್ತು ದಾಟಿದವರು, ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಗಲಲ್ಲಿ ಕೊಡೆ. ಹೆಡ್‌ಮಿಸ್ ಊರಲ್ಲಿರಲಿಲ್ಲ. ನಾನು ಎಲ್ಲರನ್ನೂ ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋಗಿ, ಹುಡುಗಿಯನ್ನೂ ಕರೆಸಿದೆ. ಮಾಲೀಕರು ಕುರ್ಚಿ ಎಳೆದುಕೊಂಡು ಕೂತರು. ತಾಯಿ ಗೋಡೆಗೆ ಒರಗಿ ನಿಂತರು.

"ಏನಮ್ಮಾ, ಮಂದಿ ಮನೆ ಹಿತ್ತಲನ್ನ ಜಗತ್ತಿಗೆಲ್ಲ ತೋರಿಸೋದೇ ನೀವು ಕಲಿಸೋ ಪಾಠ?" ಎಂದರು ಮಾಲೀಕರು.

ನನಗೂ ಮೂಗಿನ ತುದಿಯಲ್ಲೇ ಕೋಪ. ನಾಲಿಗೆಯವರೆಗೂ ಬಂದ ಮಾತನ್ನು ಹುಡುಗಿಯ ಮುಖ ನೋಡಿ ನುಂಗಿಕೊಂಡೆ. ಅವಳೇ ಹೇಳಿದಳು: "ತೆಗೀರಿ ಮಿಸ್. ಪರವಾಗಿಲ್ಲ."

ಪುಟವನ್ನು ಆರಿಸಿ ಅಳಿಸಿದೆ. ಮಾಲೀಕರು ತಮ್ಮ ಫೋನು ತೆಗೆದು ನೋಡಿದರು. "ಇನ್ನೂ ಇದೆಯಲ್ಲ."

"ನಾನು ಅಳಿಸಿದ್ದು ಕರಡಿನಲ್ಲಿ. ಪಬ್ಲಿಷ್ ಮತ್ತೆ ಒತ್ತಿದರೆ ಹೊರಗೂ ಹೋಗತ್ತೆ."

ಮೌಸ್ ಅಲ್ಲಿಗೆ ಒಯ್ದಿದ್ದೆ. ಅವರು ತಡೆದರು. "ನಿಲ್ಲಿ. ಈ ಬೂದು ಡಬ್ಬಿ ಏನದು? ಒಳಗೆ ನೋಡಿ ಅಂತ ಬರೆದು, ನಾನು ಒತ್ತಿದ್ರೆ ಅನುಮತಿ ಇಲ್ಲ ಅನ್ನತ್ತೆ. ನನ್ನ ಮನೇದು ನನಗೇ ಮುಚ್ಚಿಟ್ಟು ಯಾರಿಗೆ ತೋರಿಸ್ತಿದೀರಿ? ಅದನ್ನ ಮೊದಲು ತೆರೆದು ತೋರಿಸಿ, ನೋಡ್ಬೇಕು."

ಅವರಿಗೆ ಅನುಮಾನ. ಮನೆಯೊಳಗನ್ನೇ ಚಿತ್ರ ಹಿಡಿದಿದ್ದಾಳೆ ಎಂದುಕೊಂಡಿದ್ದರು. ಅಳಿಸಿದ್ದನ್ನು ಅನ್‌ಡೂ ಮಾಡಿ ಪುಟ ವಾಪಸ್ ತಂದೆ. ನನ್ನ ಖಾತೆಯಲ್ಲಿ ಬೂದು ಚೌಕ ಇರಲಿಲ್ಲ, ವಿಡಿಯೊನೇ ಇತ್ತು. ಒತ್ತಿ, ಸ್ಪೀಕರಿನ ಸದ್ದು ಏರಿಸಿ ಪಕ್ಕಕ್ಕೆ ಸರಿದು ನಿಂತೆ.

ಕತ್ತಲೆ. ಕಲ್ಲು. ಜರೀಗಿಡ.

"ಅಯ್ಯೋ, ಬಾವಿಗೆ ಇಳಿಬಿಟ್ಟಿದ್ದು ನನ್ನ ಫೋನಲ್ವೇನೇ?" ಎಂದರು ತಾಯಿ ಹಿಂದಿನಿಂದ. ಹುಡುಗಿ ತಲೆ ತಗ್ಗಿಸಿದಳು.

ಗೂಡು ಬಂದಾಗ ಮಾಲೀಕರ ಕೈ ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. "ಅಮ್ಮ ಇಲ್ಲಿ ದೀಪ ಇಡಿಸೋಳು. ಕಾರ್ತಿಕದಲ್ಲಿ," ಎಂದರು, ಯಾರಿಗೂ ಅಲ್ಲ. ಫೋನು ಇಳಿಯುತ್ತಲೇ ಇತ್ತು. ಬೆಳಕು ನೀರಿಗೆ ಬಿತ್ತು. ಹನಿ ಬಿತ್ತು. ಆ ಸದ್ದು ನಮ್ಮ ಹಳೆಯ ಕಂಪ್ಯೂಟರ್ ಕೋಣೆಯನ್ನೆಲ್ಲ ತುಂಬಿತು.

"ನೀರಿದೆ," ಎಂದರು ಅವರು. ಪರದೆಯ ಹತ್ತಿರಕ್ಕೆ ಬಾಗಿ ಮತ್ತೆ, "ನೀರಿದೆಯಲ್ಲ. ಬತ್ತಿದೆ ಅಂತಾನೇ ನಮ್ಮಪ್ಪ ಚಪ್ಪಡಿ ಹಾಕಿಸಿದ್ದು. ನಾನು ಇವತ್ತಿನವರೆಗೂ ಬತ್ತಿದೆ ಅಂತಾನೇ ಎಲ್ಲರಿಗೂ ಹೇಳ್ಕೊಂಡು ಬಂದೆ."

ಗೋಡೆಯ ಹತ್ತಿರದಿಂದ ತಾಯಿ ಮಾತಾಡಿದರು. ಜಗಳದ ದನಿಯಲ್ಲ, ತಮಗೆ ತಾವೇ ಹೇಳಿಕೊಂಡ ಹಾಗೆ. "ಬೇಸಿಗೆ ಪೂರ್ತಿ ನೀವು ನಲ್ಲಿ ಬಂದ್ ಮಾಡಿದ್ರಿ ಸಾರ್, ಟ್ಯಾಂಕರ್ ನೀರು ಸಾಲಲ್ಲ ಅಂತ. ಹಿಂದಿನ ಬೀದಿ ಬೋರ್‌ವೆಲ್ಲಿಂದ ಕೊಡ ಹೊತ್ತು ಹೊತ್ತು ನನ್ನ ಸೊಂಟ ಬಿದ್ಹೋಯ್ತು. ದಿನಾ ಈ ಚಪ್ಪಡಿ ಮೇಲೇ ಕೊಡ ಇಳಿಸಿ ಸುಧಾರಿಸ್ಕೊಳ್ತಿದ್ದೆ."

ಮಾಲೀಕರು ಹುಡುಗಿಯ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಲ್ಲ ಮಗು. ನಂಗೆ ಬಂದು ಹೇಳೋದಲ್ವಾ?"

"ಬಂದಿದ್ದೆ ತಾತ," ಎಂದಳು ಹುಡುಗಿ. "ನೀರಿನ ವಿಷಯ ಅಂದೆ. ನೀರಿನ ವಿಷಯ ಎತ್ತಬೇಡ ಅಂತ ಬಾಗಿಲು ಹಾಕ್ಕೊಂಡ್ರಿ. ಅದಕ್ಕೇ ಪ್ರಾಜೆಕ್ಟ್ ಮಾಡಿದೆ. ಎಲ್ಲರೂ ನೋಡಿದ್ರೆ ನೀವೂ ನೋಡ್ತೀರಿ ಅಂತ."

ನಾನು ಕೊಟ್ಟದ್ದು ಹತ್ತು ಅಂಕದ ಚಟುವಟಿಕೆ. ಈ ಪುಟ್ಟ ಹುಡುಗಿ ಅದನ್ನು ಎತ್ತಿಕೊಂಡು, ಮುಚ್ಚಿದ ಬಾಗಿಲಿನ ಆಚೆಗೆ ಒಂದು ಬಾವಿಯನ್ನೇ ದಾಟಿಸಿದ್ದಳು. ನಾನು ಮಕ್ಕಳ ಕ್ಷೇಮಕ್ಕೆಂದು ಹಾಕಿದ್ದ ಬೀಗವೇ ಆ ಬಾವಿಗೂ ಮಾಲೀಕರಿಗೂ ನಡುವೆ ನಿಂತಿತ್ತು, ಅದೇ ಬೀಗ ಅವರನ್ನು ಶಾಲೆಯವರೆಗೂ ಎಳೆದುಕೊಂಡೂ ಬಂದಿತ್ತು. ಇದನ್ನೆಲ್ಲ ಯಾವ ಟ್ರೈನಿಂಗಿನಲ್ಲಿ ಹೇಳಿಕೊಡುತ್ತಾರೆ?

ಮಾಲೀಕರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಒರೆಸಿದರು. ಆಮೇಲೆ ಎದ್ದು, ತಮ್ಮ ಕುರ್ಚಿಯನ್ನು ತಾಯಿಯ ಕಡೆ ತಳ್ಳಿದರು. "ಕೂತ್ಕೊಳಮ್ಮ. ಮನೆಗಿನೆ ಖಾಲಿ ಮಾಡೋದೇನೂ ಬೇಡ. ಲಾರಿಯವನಿಗೂ ಬೇಡ ಅಂತೀನಿ." ನನ್ನ ಕಡೆ ನೋಡದೆಯೇ ಹೇಳಿದರು, "ಆ ಪುಟ ಇರಲಿ ಬಿಡಿ ಮೇಡಂ. ನನ್ನ ಫೋನಲ್ಲೂ ಬರೋ ಹಾಗೆ ಮಾಡಿಕೊಡ್ತೀರಾ?"

ವಿಡಿಯೊ ನೋಡಬಹುದಾದವರ ಪಟ್ಟಿಗೆ ಅವರ ಮೇಲ್ ವಿಳಾಸ ಸೇರಿಸುವ ಮುನ್ನ ಹುಡುಗಿಯನ್ನು ಕೇಳಿದೆ. ದನಿ ಅವಳದಲ್ಲವೇ. ಅವಳು ತಲೆಯಾಡಿಸಿದಳು. ತಾಯಿಯ ಕಡೆ ನೋಡಿದೆ, ಅವರೂ ಹೂಂ ಎಂದರು.

ಬೆಲ್ಲು ಹೊಡೆದು ನಾನು ಪಾಠಕ್ಕೆ ಹೊರಟಾಗ ಮಾಲೀಕರು ಇನ್ನೂ ಹೋಗಿರಲಿಲ್ಲ. ಶಾಲೆಯ ಮೆಟ್ಟಿಲ ಮೇಲೆ ಕೂತು ಫೋನನ್ನು ಮುಖದ ಹತ್ತಿರ ಹಿಡಿದಿದ್ದರು. ಹುಡುಗಿ ಪಕ್ಕದಲ್ಲಿ ಬಗ್ಗಿ ನಿಂತು, ಪರದೆಯ ಮೇಲೆ ಬೆರಳು ಇಟ್ಟು ಹೇಳುತ್ತಿದ್ದಳು: "ಸ್ವಲ್ಪ ತಡೀರಿ ತಾತ, ಈಗ ನೀರು ಬರತ್ತೆ."